ಬಾಗಿಲು ಹಾಕಿದ ಅಂಗಡಿ, ಮ್ಯಾಪಿನಲ್ಲಿ ಮಾತ್ರ ‘ಓಪನ್’

2011ರ ಆಗಸ್ಟ್ ತಿಂಗಳಲ್ಲಿ ಸ್ವಲ್ಪ ಹೊತ್ತು, ಗೂಗಲ್ ಮ್ಯಾಪಿನ ಪ್ರಕಾರ ಗೂಗಲ್ ಕಂಪನಿಯೇ ಬಾಗಿಲು ಹಾಕಿಕೊಂಡು ಹೋಗಿತ್ತು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಅದರ ಕಚೇರಿ ‘ಮುಚ್ಚಿದೆ’ ಎಂದು ವರದಿ ಮಾಡಿದವರು ಮೈಕ್ ಬ್ಲೂಮೆಂಥಾಲ್. ಊರೂರಿನ ಅಂಗಡಿ ಮುಂಗಟ್ಟುಗಳು ಮ್ಯಾಪಿನಲ್ಲಿ ಹೇಗೆ ಕಾಣಿಸುತ್ತವೆ ಎಂಬುದನ್ನೇ ಕಸುಬಾಗಿ ಅಧ್ಯಯನ ಮಾಡುವವರು ಅವರು. ಅಮೆರಿಕದಲ್ಲಿ ಆಗ ಚೆನ್ನಾಗಿ ನಡೆಯುತ್ತಿದ್ದ ಹೋಟೆಲುಗಳನ್ನೂ ಅಂಗಡಿಗಳನ್ನೂ ಯಾರೋ ಕಿಡಿಗೇಡಿಗಳು ಕಾಯಂ ಮುಚ್ಚಿವೆ ಎಂದು ವರದಿ ಮಾಡುತ್ತಿದ್ದರು, ಮ್ಯಾಪು ಅದನ್ನು ನಂಬಿಬಿಡುತ್ತಿತ್ತು. ಇದು ಎಷ್ಟು ಸುಲಭ ಎಂದು ತೋರಿಸಲು ಬ್ಲೂಮೆಂಥಾಲ್ ಕಂಪನಿಗೇ ಬೀಗ ಜಡಿದರು. ಮುಂದಿನ ತಿಂಗಳು ನ್ಯೂಯಾರ್ಕ್ ಟೈಮ್ಸ್ ಇದನ್ನೆಲ್ಲ ಬರೆಯಿತು.

ನಮ್ಮ ಬೀದಿಯ ಮುಚ್ಚಿದ ಅಂಗಡಿಯನ್ನು ವರದಿ ಮಾಡಿ, ‘ಇನ್ನೂ ಪರಿಶೀಲನೆಯಲ್ಲಿದೆ’ ಎಂಬ ಉತ್ತರ ನೋಡಿ ಗೊಣಗುವವರು ಈ ಕಥೆಯನ್ನು ನೆನಪಿಟ್ಟುಕೊಳ್ಳಬೇಕು. ನಾವು ಕಳಿಸುವುದು ಮ್ಯಾಪಿಗೆ ಆಜ್ಞೆಯಲ್ಲ, ಒಂದು ಹೇಳಿಕೆ ಅಷ್ಟೆ. ಅದು ನಿಜವೇ ಎಂದು ಅವರು ತಾಳೆ ನೋಡುತ್ತಾರೆ. ಹೇಳಿಕೆ ಎಷ್ಟು ಸ್ಪಷ್ಟವಾಗಿದೆ, ಅದಕ್ಕೆ ಪುರಾವೆ ಏನಿದೆ ಎಂಬುದರ ಮೇಲೆ ಮುಂದಿನದು ನಿಂತಿದೆ.

ಒಂದು ಮೆಡಿಕಲ್ ಸ್ಟೋರನ್ನೇ ತೆಗೆದುಕೊಳ್ಳೋಣ. ತಾಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಎದುರು ಇತ್ತು, ಮಾಲೀಕರು ವಯಸ್ಸಾಯಿತೆಂದು ನಿಲ್ಲಿಸಿದರು. ಬೋರ್ಡ್ ಇನ್ನೂ ಮೇಲೆ ನೇತಾಡುತ್ತಿದೆ, ಶಟರ್ ಇಳಿದಿದೆ, ಅದರ ಮೇಲೆ ‘ಬಾಡಿಗೆಗಿದೆ’ ಎಂದು ಚೀಟಿ ಅಂಟಿಸಿದ್ದಾರೆ. ಮ್ಯಾಪಿನಲ್ಲಿ ಮಾತ್ರ ಈಗಲೂ ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ. ಮಗುವಿಗೆ ಜ್ವರ ಬಂದು ಹತ್ತೂವರೆಗೆ ಓಡಿ ಬಂದವರಿಗೆ ಶಟರ್ ದರ್ಶನ.

ಇದನ್ನು ಸರಿಪಡಿಸಲು ಮ್ಯಾಪಿನಲ್ಲಿ ಆ ಅಂಗಡಿಯ ಹೆಸರು ಒತ್ತಿ, ವಿವರಗಳ ಪುಟವನ್ನು ಕೆಳಗೆ ಸರಿಸಿದರೆ “Suggest an edit” ಸಿಗುತ್ತದೆ. ಒತ್ತಿದಾಗ ಎರಡು ದಾರಿ ತೆರೆಯುತ್ತವೆ. “Change name or other details” ಎಂಬುದು ಹೆಸರು, ಫೋನ್ ನಂಬರ್, ವೇಳೆ, ವಿಳಾಸ ತಿದ್ದಲು. “Close or remove” ಎಂಬುದು ಮುಚ್ಚಿದ್ದನ್ನು ತಿಳಿಸಲು. ನಮಗೆ ಬೇಕಾದ್ದು ಎರಡನೆಯದು. ಅದರೊಳಗೆ ಹೋದರೆ ಕಾರಣ ಕೇಳುತ್ತದೆ: ತಾತ್ಕಾಲಿಕವಾಗಿ ಮುಚ್ಚಿದೆಯೇ, ಕಾಯಂ ಮುಚ್ಚಿದೆಯೇ, ಬೇರೆ ಕಡೆಗೆ ಹೋಗಿದೆಯೇ, ಇಂಥದ್ದೊಂದು ಇಲ್ಲಿ ಇಲ್ಲವೇ ಇಲ್ಲವೇ, ಅಥವಾ ಒಂದೇ ಅಂಗಡಿ ಎರಡು ಸಲ ಸೇರಿಕೊಂಡಿದೆಯೇ. ಫೋನಿನಿಂದ ಫೋನಿಗೆ ಪದಗಳು ಸ್ವಲ್ಪ ಬದಲಾಗಬಹುದು, ಪ್ರಶ್ನೆ ಮಾತ್ರ ಇದೇ. ಹೆಚ್ಚಿನವರು ಎಡವುವುದೂ ಇಲ್ಲೇ.

ಅಂಗಡಿ ಈಗ ಇಲ್ಲವಲ್ಲ, ಹಾಗಾಗಿ ‘ಇಲ್ಲಿ ಇಲ್ಲವೇ ಇಲ್ಲ’ ಎಂಬುದನ್ನು ಒತ್ತೋಣ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ ಆಯ್ಕೆ ಇರುವುದು ಎಂದೂ ಇಲ್ಲದ್ದನ್ನು ತೆಗೆಯಲು: ಯಾರೋ ತಮಾಷೆಗೆ ಸೇರಿಸಿದ ಹೆಸರು, ಖಾಲಿ ಸೈಟಿನ ಮೇಲೆ ಸುಳ್ಳು ವಿಳಾಸ ಕೊಟ್ಟು ಕೂರಿಸಿದ ರಿಪೇರಿ ಕೇಂದ್ರ, ಇಂಥವು. ನಮ್ಮ ಮೆಡಿಕಲ್ ಸ್ಟೋರ್ ನಿಜವಾಗಿ ಇತ್ತು, ಈಗ ನಿಂತಿದೆ. ಅದಕ್ಕೆ ಸರಿಯಾದದ್ದು “Permanently closed”. ಹೀಗೆ ಗುರುತಾದ ಅಂಗಡಿ ಮ್ಯಾಪಿನಿಂದ ಪೂರ್ತಿ ಅಳಿಸಿಹೋಗುವುದಿಲ್ಲ. ಅದರ ಹೆಸರು ಹಾಕಿ ಹುಡುಕಿದವರಿಗೆ ಪುಟ ಸಿಗುತ್ತದೆ, ಅದರ ಮೇಲೆ ಕೆಂಪಕ್ಷರದಲ್ಲಿ ಕಾಯಂ ಮುಚ್ಚಿದೆ ಎಂದಿರುತ್ತದೆ. ‘ಹತ್ತಿರದ ಮೆಡಿಕಲ್’ ಎಂದು ಹುಡುಕಿದವರಿಗೆ ಸಾಮಾನ್ಯವಾಗಿ ಅದು ಅಡ್ಡ ಬರುವುದಿಲ್ಲ. ನನ್ನ ಮಟ್ಟಿಗೆ ಇದು ಅಳಿಸುವುದಕ್ಕಿಂತ ಒಳ್ಳೆಯ ವ್ಯವಸ್ಥೆ. ಅಳಿಸಿಬಿಟ್ಟರೆ ಹಳೆಯ ಗಿರಾಕಿಗೆ ಅಂಗಡಿ ಮುಚ್ಚಿತೋ, ತಾನೇ ಹೆಸರು ತಪ್ಪಾಗಿ ಹುಡುಕಿದೆನೋ ಎಂಬ ಅನುಮಾನ ಉಳಿಯುತ್ತದೆ. ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಮತ್ತೆ ಸೇರಿಸಿಬಿಡುವ ಸಾಧ್ಯತೆಯೂ ಇದೆ.

ಇನ್ನು ಫೋಟೋ. ಇಳಿದ ಶಟರ್ ಒಂದನ್ನೇ ತೆಗೆದರೆ ಅದು ಏನನ್ನೂ ಹೇಳುವುದಿಲ್ಲ, ಭಾನುವಾರ ಮಧ್ಯಾಹ್ನ ಎಲ್ಲ ಶಟರುಗಳೂ ಹಾಗೇ ಇರುತ್ತವೆ. ನೇತಾಡುವ ಬೋರ್ಡು, ‘ಬಾಡಿಗೆಗಿದೆ’ ಚೀಟಿ, ಪಕ್ಕದ ಬೇಕರಿಯ ಹೆಸರು ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ರಸ್ತೆಯ ಆ ಬದಿಯಿಂದ ನಿಂತು ತೆಗೆಯಬೇಕು. ಯಾವ ಅಂಗಡಿ, ಎಲ್ಲಿದೆ, ಈಗ ಏನಾಗಿದೆ ಎಂಬ ಮೂರು ಪ್ರಶ್ನೆಗೂ ಆ ಒಂದು ಚಿತ್ರ ಉತ್ತರ ಕೊಡುತ್ತದೆ. ಚೀಟಿಯಲ್ಲಿರುವ ಮನೆ ಮಾಲೀಕರ ಫೋನ್ ನಂಬರನ್ನೂ ದಾರಿಹೋಕರ ಮುಖವನ್ನೂ ಮರೆಮಾಡಿ ಕಳಿಸುವುದು ಸಭ್ಯತೆ.

ಕಳಿಸಿದ ಮೇಲೆ ಕೆಲವು ತಿದ್ದುಪಡಿಗಳು ನಿಮಿಷಗಳಲ್ಲೇ ಒಪ್ಪಿಗೆಯಾಗುತ್ತವೆ, ಕೆಲವು ದಿನಗಟ್ಟಲೆ ತೂಗುತ್ತವೆ. ಅದರ ಗತಿ ಏನಾಯಿತೆಂದು ನಿಮ್ಮ ಖಾತೆಯಲ್ಲಿ ನಿಮ್ಮ ಕೊಡುಗೆಗಳ ಪಟ್ಟಿಯೊಳಗಿನ ತಿದ್ದುಪಡಿಗಳಲ್ಲಿ ನೋಡಬಹುದು: ಕಾಯುತ್ತಿದೆ, ಒಪ್ಪಿಗೆಯಾಗಿದೆ, ಇಲ್ಲವೇ ಅನ್ವಯಿಸಿಲ್ಲ. ಅನ್ವಯಿಸಿಲ್ಲ ಎಂದು ಬಂದರೆ ಫೋಟೋ ಇಲ್ಲದೆ ಕಳಿಸಿದ್ದಿರೇನೋ ನೋಡಿ, ಹೊಸ ಫೋಟೋದೊಂದಿಗೆ ಮತ್ತೆ ಕಳಿಸಿ. ಪಕ್ಕದ ಬೇಕರಿಯವರೂ ತಮ್ಮ ಫೋನಿನಿಂದ ಅದನ್ನೇ ತಿಳಿಸಿದರೆ ಹೇಳಿಕೆಗೆ ಬಲ ಬರುತ್ತದೆ. ಒಬ್ಬರೇ ನಾಲ್ಕು ಖಾತೆ ತೆರೆದು ಕಳಿಸುವುದು ಮಾತ್ರ ಬೇಡ. 2011ರ ಕಿಡಿಗೇಡಿಗಳು ಮಾಡಿದ್ದು ಅದೇ ಜಾತಿಯ ಕೆಲಸ.

ಕೆಲವು ತಿಂಗಳ ನಂತರ ಅದೇ ಮಳಿಗೆಯಲ್ಲಿ ಟೈರ್ ಅಂಗಡಿ ಬಂತು ಎನ್ನಿ. ಹೊಸ ಮಾಲೀಕರಿಗೆ ಒಂದು ಸುಲಭದ ದಾರಿ ಕಾಣುತ್ತದೆ: ಹೇಗೂ ಮ್ಯಾಪಿನಲ್ಲಿ ಪಿನ್ ಇದೆ, ಅದರ ಹೆಸರನ್ನೇ ಬದಲಿಸಿದರಾಯಿತು. ಹಾಗೆ ಮಾಡಿದರೆ ಮೆಡಿಕಲ್ ಸ್ಟೋರಿನ ಹಳೆಯ ವಿಮರ್ಶೆಗಳೆಲ್ಲ ಟೈರ್ ಅಂಗಡಿಯ ಕೊರಳಿಗೆ ಬೀಳುತ್ತವೆ. ‘ಇಲ್ಲಿ ಇನ್ಸುಲಿನ್ ಯಾವಾಗಲೂ ಸಿಗುತ್ತದೆ’ ಎಂಬ ಹೊಗಳಿಕೆ ಪಂಕ್ಚರ್ ಹಾಕಿಸಲು ಬಂದವರಿಗೆ ಯಾವ ಉಪಯೋಗಕ್ಕೆ? ವ್ಯಾಪಾರವೂ ಒಡೆತನವೂ ಎರಡೂ ಬದಲಾಗಿದ್ದರೆ ಹಳೆಯದನ್ನು ಮುಚ್ಚಿದೆ ಎಂದು ಗುರುತಿಸಿ, ಹೊಸದನ್ನು ಹೊಸ ಸ್ಥಳವಾಗಿಯೇ ಸೇರಿಸಬೇಕು.

ಹೆಸರು ಮಾತ್ರ ಬದಲಾಗಿ ವ್ಯವಹಾರ ಮುಂದುವರಿದಿದ್ದರೆ ಆಗ ತಿದ್ದಬೇಕಾದದ್ದು ಹೆಸರನ್ನು. ಕರ್ನಾಟಕದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬ್ಯಾಂಕುಗಳದ್ದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೂ ವಿಲೀನವಾದವು. ಸಿಂಡಿಕೇಟ್ ಬೋರ್ಡ್ ಇಳಿಸಿ ಅದೇ ಕಟ್ಟಡದಲ್ಲಿ ಅದೇ ಕೌಂಟರುಗಳಲ್ಲಿ ಕೆನರಾ ಶಾಖೆ ನಡೆಯುತ್ತಿದ್ದರೆ ಅದು ಮುಚ್ಚಿದ್ದಲ್ಲ, ಹೆಸರು ತಿದ್ದಿದರೆ ಸಾಕು. ಅದೇ ರಸ್ತೆಯಲ್ಲಿ ಮೊದಲೇ ಕೆನರಾ ಶಾಖೆ ಇದ್ದು, ಎರಡನ್ನೂ ಸೇರಿಸಿ ಒಂದನ್ನು ಖಾಲಿ ಮಾಡಿದ್ದರೆ ಖಾಲಿಯಾದದ್ದು ಕಾಯಂ ಮುಚ್ಚಿದ್ದು. ಹೊರಗಿನಿಂದ ನೋಡುವವರಿಗೆ ಎರಡೂ ‘ಸಿಂಡಿಕೇಟ್ ಬ್ಯಾಂಕ್ ಹೋಯಿತು’ ಎಂದೇ ಕಾಣುತ್ತವೆ. ಅದಕ್ಕೇ ವರದಿ ಮಾಡುವ ಮೊದಲು ಬಾಗಿಲ ತನಕ ಹೋಗಿ, ಅಲ್ಲಿ ಅಂಟಿಸಿರುವ ಸೂಚನೆ ಓದಬೇಕು.

ಜಾಗ ಬದಲಿಸಿದ್ದರೆ ಅದೂ ಬೇರೆ ಲೆಕ್ಕ. ಬೆಂಗಳೂರಿನ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಅಂಥದ್ದನ್ನು ‘ಮುಚ್ಚಿದೆ’ ಎಂದು ಹೇಳಿದರೆ, ನಾಲ್ಕು ಹೆಜ್ಜೆ ಆಚೆ ಬಿಸಿ ಕಾಫಿ ಸಿಗುತ್ತಿದ್ದರೂ ಜನ ವಾಪಸು ಹೋಗುತ್ತಾರೆ. ಬೇರೆ ಕಡೆಗೆ ಹೋಗಿದೆ ಎಂಬ ಆಯ್ಕೆ ಒತ್ತಿ, ಹೊಸ ಜಾಗದ ಮೇಲೆ ಪಿನ್ ಇಡಬೇಕು.

ಮುಚ್ಚಿದ ಅಂಗಡಿಯಿಂದ ಆಗುವುದು ಹೆಚ್ಚೆಂದರೆ ಒಂದು ವ್ಯರ್ಥ ಓಡಾಟ. ತಪ್ಪು ಫೋನ್ ನಂಬರಿನಿಂದ ದುಡ್ಡೇ ಹೋಗಬಹುದು. 2018ರಲ್ಲಿ ಮಹಾರಾಷ್ಟ್ರದಲ್ಲಿ ವಂಚಕರು ಬ್ಯಾಂಕ್ ಆಫ್ ಇಂಡಿಯಾ ಶಾಖೆಗಳ ಪುಟದಲ್ಲಿ ತಮ್ಮದೇ ನಂಬರ್ ಕೂರಿಸಿ, ಕರೆ ಮಾಡಿದ ಗ್ರಾಹಕರಿಂದ ಕಾರ್ಡಿನ ವಿವರ ಕೇಳುತ್ತಿದ್ದುದು ಸೈಬರ್ ಪೊಲೀಸರ ಗಮನಕ್ಕೆ ಬಂತು. ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು ಎಂಬ ಅದೇ ಸೌಲಭ್ಯ ಅವರಿಗೂ ಒದಗಿತ್ತು. ಬ್ಯಾಂಕಿನ ಪುಟದಲ್ಲಿ ಸಾಮಾನ್ಯ ಮೊಬೈಲ್ ನಂಬರ್ ಕಂಡರೆ ಅನುಮಾನ ಪಡಿ, ಪಾಸ್‌ಬುಕ್‌ನಲ್ಲಿ ಅಚ್ಚಾಗಿರುವ ನಂಬರಿನೊಂದಿಗೆ ತಾಳೆ ನೋಡಿ ತಿದ್ದುಪಡಿ ಕಳಿಸಿ. ಇದು ಬೇಕೆಂದೇ ಮಾಡಿದ ಮೋಸ ಎಂದು ಖಚಿತವಾದರೆ ಗೂಗಲ್‌ನಲ್ಲಿ ಅದಕ್ಕೆಂದೇ “Business Redressal Complaint Form” ಎಂಬ ಪ್ರತ್ಯೇಕ ಅರ್ಜಿ ಇದೆ. ದುಡ್ಡು ಕಳೆದುಕೊಂಡವರು ಮ್ಯಾಪ್ ತಿದ್ದುತ್ತ ಕೂರದೆ ಮೊದಲು 1930ಕ್ಕೆ ಕರೆ ಮಾಡಬೇಕು.

ಅಂಗಡಿಯ ಮಾಲೀಕರ ಕಡೆಯಿಂದಲೂ ಒಂದು ತಪ್ಪು ಆಗುತ್ತಿರುತ್ತದೆ. ವ್ಯಾಪಾರ ನಿಲ್ಲಿಸಿದವರು ಹೋಗುವ ಮುನ್ನ ತಮ್ಮ ಬಿಸಿನೆಸ್ ಪ್ರೊಫೈಲನ್ನು ಖಾತೆಯಿಂದ ತೆಗೆದುಹಾಕುತ್ತಾರೆ, ಇನ್ನು ಮ್ಯಾಪಿನಲ್ಲಿ ಕಾಣುವುದಿಲ್ಲ ಎಂದುಕೊಳ್ಳುತ್ತಾರೆ. ಆದರೆ ಅದರಿಂದ ಹೋಗುವುದು ಅವರ ಹಿಡಿತ ಮಾತ್ರ. ಸ್ಥಳ ಮ್ಯಾಪಿನಲ್ಲಿ ಹಾಗೇ ಉಳಿಯಬಹುದು, ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಮೊದಲು ಪ್ರೊಫೈಲಿನಲ್ಲಿ ಕಾಯಂ ಮುಚ್ಚಿದೆ ಎಂದು ಗುರುತಿಸಿ, ಅದು ಮ್ಯಾಪಿನಲ್ಲಿ ಕಂಡ ಮೇಲೆ ಖಾತೆಯಿಂದ ತೆಗೆಯುವುದು ಸರಿಯಾದ ಕ್ರಮ. ಹತ್ತು ಹದಿನೈದು ದಿನ ತೀರ್ಥಯಾತ್ರೆಗೆ ಹೋಗುವವರಿಗೆ “Temporarily closed” ಇದೆ. ಹಬ್ಬದ ಒಂದೆರಡು ದಿನದ ರಜೆಗೆ ವಿಶೇಷ ವೇಳೆ ನಮೂದಿಸಿದರೆ ಸಾಕು.

ತೆರೆದೇ ಇರುವ ಅಂಗಡಿಯನ್ನು ಮ್ಯಾಪು ಮುಚ್ಚಿದೆ ಎಂದರೆ ಮಾಲೀಕರು ಪ್ರೊಫೈಲಿನಿಂದಲೇ ಮತ್ತೆ ತೆರೆದಿದೆ ಎಂದು ಗುರುತಿಸಬಹುದು. ಪ್ರೊಫೈಲನ್ನು ತಮ್ಮ ಹೆಸರಿಗೆ ಮಾಡಿಕೊಳ್ಳದವರಿಗೆ ಆ ಅನುಕೂಲವಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಸರ್ಬಿಯನ್ ಕ್ರೌನ್ ಎಂಬ ಹಳೆಯ ಹೋಟೆಲು ಶನಿವಾರ, ಭಾನುವಾರ, ಸೋಮವಾರ ರಜೆ ಎಂದು ಮ್ಯಾಪು ತೋರಿಸುತ್ತಿತ್ತು. ವಾರಾಂತ್ಯವೇ ಅದರ ವ್ಯಾಪಾರದ ಜೀವಾಳ. ಇಂಟರ್ನೆಟ್ಟಿನ ಗೋಜಿಗೆ ಹೋಗದ ಮಾಲೀಕರಿಗೆ ಗಿರಾಕಿಗಳು ಯಾಕೆ ಕಡಿಮೆಯಾದರೆಂದು ತಿಳಿಯಲೇ ಇಲ್ಲ, ಕೊನೆಗೆ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ ಯಾಕೆ ರಜೆ ಎಂದು ಕೇಳಬೇಕಾಯಿತು. 2013ರಲ್ಲಿ ಹೋಟೆಲು ಮುಚ್ಚಿತು. ಆಮೇಲೆ ಮಾಲೀಕರು ಗೂಗಲ್ ಮೇಲೆ ದಾವೆ ಹೂಡಿದರು.