ಹೊಸ ಪ್ರಶ್ನಾವಳಿಯಲ್ಲಿ ಎಷ್ಟು ಫ್ಯಾಕ್ಟರ್?

ಭಯ, ಆತಂಕ, ಆತ್ಮಗೌರವದಂಥವನ್ನು ಅಳೆಯುವ ಪ್ರಶ್ನಾವಳಿ ಒಂದೇ ಪ್ರಶ್ನೆಯಲ್ಲಿ ಮುಗಿಯುವುದಿಲ್ಲ. ಅದೇ ಸಂಗತಿಯನ್ನು ಹತ್ತಾರು ಹೇಳಿಕೆಗಳಲ್ಲಿ ಕೇಳಿ, ಬಂದ ಅಂಕಗಳನ್ನು ಕೂಡಿಸುವುದು ರೂಢಿ. ಆದರೆ ಕೂಡಿಸುವ ಮೊದಲು ತಿಳಿಯಬೇಕಾದ ಒಂದು ವಿಷಯವಿದೆ: ಈ ಹೇಳಿಕೆಗಳೆಲ್ಲ ಒಂದನ್ನೇ ಅಳೆಯುತ್ತಿವೆಯೋ, ಇಲ್ಲ ಎರಡು ಮೂರನ್ನು ಬೆರೆಸಿ ಅಳೆಯುತ್ತಿವೆಯೋ? ಬರೆದವರ ಉದ್ದೇಶ ಏನೇ ಇರಲಿ, ಉತ್ತರಿಸಿದವರ ಮನಸ್ಸಿನಲ್ಲಿ ಹೇಳಿಕೆಗಳು ಬೇರೆ ರೀತಿಯಲ್ಲಿ ಗುಂಪುಗೂಡಿರಬಹುದು. ಆ ಗುಂಪುಗಳನ್ನು ಉತ್ತರಗಳಿಂದಲೇ ಪತ್ತೆ ಮಾಡುವ ವಿಧಾನಕ್ಕೆ ಅನ್ವೇಷಣಾತ್ಮಕ ಫ್ಯಾಕ್ಟರ್ ವಿಶ್ಲೇಷಣೆ ಎಂದು ಹೆಸರು. ಇದರ ಬೇರು 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬುದ್ಧಿಶಕ್ತಿಯ ಬಗ್ಗೆ ಬರೆದ ಲೇಖನದಲ್ಲಿದೆ. ಒಂದಕ್ಕಿಂತ ಹೆಚ್ಚು ಫ್ಯಾಕ್ಟರ್‌ಗಳನ್ನು ಹುಡುಕುವ ಕ್ರಮವನ್ನು 1930ರ ದಶಕದಲ್ಲಿ ಬೆಳೆಸಿದವರು ಅಮೆರಿಕದ ಎಲ್. ಎಲ್. ಥರ್ಸ್ಟನ್.

ಇದರ ಹಿಂದಿನ ತರ್ಕ ಸರಳವಾಗಿದೆ. ಒಂದು ಹೇಳಿಕೆಯನ್ನು ಹೆಚ್ಚು ಒಪ್ಪಿದವರೇ ಇನ್ನೊಂದನ್ನೂ ಹೆಚ್ಚು ಒಪ್ಪುತ್ತಿದ್ದರೆ ಎರಡಕ್ಕೂ ಮೂಲವಾದ ಒಂದು ಕಾರಣ ಒಳಗೆ ಇರಬೇಕು. ಕಣ್ಣಿಗೆ ಕಾಣದ ಆ ಕಾರಣವೇ ಫ್ಯಾಕ್ಟರ್. ಹೇಳಿಕೆಗೂ ಫ್ಯಾಕ್ಟರ್‌ಗೂ ಎಷ್ಟು ಗಟ್ಟಿ ನಂಟಿದೆ ಎಂಬುದನ್ನು ಲೋಡಿಂಗ್ ಎಂಬ ಸಂಖ್ಯೆ ಹೇಳುತ್ತದೆ. ಅದು ಸೊನ್ನೆಯ ಹತ್ತಿರವಿದ್ದರೆ ನಂಟಿಲ್ಲ, 0.6, 0.7 ಇದ್ದರೆ ಹೇಳಿಕೆ ತನ್ನ ಕೆಲಸ ಚೆನ್ನಾಗಿ ಮಾಡುತ್ತಿದೆ. ಇಷ್ಟನ್ನೆಲ್ಲ ಕಂಪ್ಯೂಟರ್ ಕ್ಷಣದಲ್ಲಿ ಲೆಕ್ಕ ಹಾಕಿ ಕೊಡುತ್ತದೆ. ಆದರೆ ಎಷ್ಟು ಫ್ಯಾಕ್ಟರ್ ಬೇಕೆಂದು ಯಾರಾದರೂ ಅದಕ್ಕೆ ಹೇಳಲೇಬೇಕು. ನಾಲ್ಕು ಕೇಳಿದರೆ ನಾಲ್ಕು ಕೊಡುತ್ತದೆ, ಎರಡು ಕೇಳಿದರೆ ಎರಡು. ಇಡೀ ವಿಶ್ಲೇಷಣೆಯಲ್ಲಿ ಅತಿ ಹೆಚ್ಚು ತಪ್ಪುಗಳಾಗುವ ಜಾಗ ಇದೇ.

ಪರೀಕ್ಷಾ ಆತಂಕದ ಉದಾಹರಣೆ ಇಲ್ಲಿ ಅನುಕೂಲ, ಏಕೆಂದರೆ ಅದರ ಒಳರಚನೆ ಮೊದಲೇ ಅಧ್ಯಯನವಾಗಿದೆ. ರಾಬರ್ಟ್ ಲೀಬರ್ಟ್ ಮತ್ತು ಲ್ಯಾರಿ ಮಾರಿಸ್ 1967ರಲ್ಲಿ ಅದರಲ್ಲಿ ಎರಡು ಭಾಗಗಳಿವೆ ಎಂದರು: ಫೇಲಾದರೆ ಏನು ಗತಿ ಎಂಬ ಚಿಂತೆ ಒಂದು, ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು ಮುಂತಾದ ದೇಹದ ಉದ್ವೇಗ ಇನ್ನೊಂದು. ಈಗ ಪಿಯುಸಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ 12 ಹೇಳಿಕೆಗಳ ಪ್ರಶ್ನಾವಳಿ ಬರೆದು, 300 ಮಂದಿಯಿಂದ ಉತ್ತರ ಪಡೆದರು ಎಂದಿಟ್ಟುಕೊಳ್ಳೋಣ. ಚಿಂತೆಗೆ ಆರು, ಉದ್ವೇಗಕ್ಕೆ ಆರು. ಪ್ರತಿಯೊಂದಕ್ಕೂ ‘ಖಂಡಿತ ಒಪ್ಪುವುದಿಲ್ಲ’ದಿಂದ ‘ಖಂಡಿತ ಒಪ್ಪುತ್ತೇನೆ’ವರೆಗೆ ಐದು ಆಯ್ಕೆ. ಮುಂದೆ ಬರುವ ಅಂಕಿಗಳು ವಿವರಣೆಗಾಗಿ ಕಟ್ಟಿಕೊಂಡವು, ಯಾವ ಸಮೀಕ್ಷೆಯವೂ ಅಲ್ಲ.

ಮೊದಲ ಕೆಲಸ ಪ್ರತಿ ಜೋಡಿ ಹೇಳಿಕೆಗಳ ನಡುವಿನ ಸಹಸಂಬಂಧವನ್ನು ಕೋಷ್ಟಕವಾಗಿ ಬರೆದು ಕಣ್ಣಾಡಿಸುವುದು. ಆತುರದಲ್ಲಿ ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಈ ಉದಾಹರಣೆಯಲ್ಲಿ ಚಿಂತೆಯ ಹೇಳಿಕೆಗಳ ನಡುವೆ ಸುಮಾರು 0.40, ಉದ್ವೇಗದವುಗಳ ನಡುವೆಯೂ ಅಷ್ಟೇ, ಆ ಗುಂಪಿನಿಂದ ಈ ಗುಂಪಿಗೆ 0.18ರಷ್ಟು ಸಹಸಂಬಂಧವಿದೆ. ಒಂದು ಜೋಡಿ ಮಾತ್ರ ಎದ್ದು ಕಾಣುತ್ತದೆ: ‘ಪರೀಕ್ಷೆಯ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ’ ಮತ್ತು ‘ಪರೀಕ್ಷೆಯ ದಿನಗಳಲ್ಲಿ ನನ್ನ ನಿದ್ದೆ ಕೆಡುತ್ತದೆ’. ಇವೆರಡರ ನಡುವೆ 0.72. ಈ ಜೋಡಿ ಮುಂದೆ ತೊಂದರೆ ಕೊಡಲಿದೆ.

ಆಮೇಲೆ ಬರುವುದು ಐಗನ್ ಮೌಲ್ಯಗಳು. ಹೇಳಿಕೆಗಳಲ್ಲಿರುವ ಒಟ್ಟು ಏರುಪೇರನ್ನು ಈ ಮೌಲ್ಯಗಳು ದೊಡ್ಡದರಿಂದ ಚಿಕ್ಕದಕ್ಕೆ ಹಂಚಿ ತೋರಿಸುತ್ತವೆ. ಹೇಳಿಕೆಗೆ ಒಂದರಂತೆ ಲೆಕ್ಕವಾದ್ದರಿಂದ ಎಲ್ಲವನ್ನೂ ಕೂಡಿದರೆ 12 ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲನೆಯದು 4.10, ಎರಡನೆಯದು 1.90, ಮೂರನೆಯದು 1.15, ನಾಲ್ಕನೆಯದು 1.04, ಐದನೆಯದು 0.72ಕ್ಕೆ ಇಳಿದು, ಉಳಿದವು ಮೆಲ್ಲಗೆ ಇನ್ನೂ ಕೆಳಗೆ ಹೋಗುತ್ತವೆ. ಇವುಗಳಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು?

ಹೆಚ್ಚು ಬಳಕೆಯಲ್ಲಿರುವ ನಿಯಮ ಹೆನ್ರಿ ಕೈಸರ್ 1960ರಲ್ಲಿ ಪ್ರಚಾರಕ್ಕೆ ತಂದದ್ದು: ಒಂದಕ್ಕಿಂತ ದೊಡ್ಡ ಐಗನ್ ಮೌಲ್ಯಗಳನ್ನೆಲ್ಲ ಉಳಿಸಿಕೊಳ್ಳಿ. ಒಂದೇ ಒಂದು ಹೇಳಿಕೆಯಷ್ಟು ಏರುಪೇರನ್ನೂ ವಿವರಿಸದ ಫ್ಯಾಕ್ಟರ್ ಯಾಕೆ ಬೇಕು ಎಂಬುದು ಅದರ ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಈ ಲೆಕ್ಕ ನಿಲ್ಲುವುದು ಇಡೀ ಜನಸಮುದಾಯದ ದತ್ತಾಂಶ ಕೈಯಲ್ಲಿದ್ದಾಗ ಮಾತ್ರ. ಕೆಲವೇ ನೂರು ಮಂದಿಯ ಮಾದರಿಯಲ್ಲಿ ಕೆಲವು ಸಹಸಂಬಂಧಗಳು ಬರಿಯ ಆಕಸ್ಮಿಕದಿಂದಲೇ ಹುಟ್ಟುತ್ತವೆ. ಒಂದಕ್ಕೊಂದು ಏನೇನೂ ಸಂಬಂಧವಿಲ್ಲದ 12 ಸಾಲು ಅಂಕಿಗಳನ್ನು ವಿಶ್ಲೇಷಿಸಿದರೂ ಸುಮಾರು ಅರ್ಧದಷ್ಟು ಐಗನ್ ಮೌಲ್ಯಗಳು ಒಂದನ್ನು ದಾಟುತ್ತವೆ. ಹೀಗಾಗಿ ಈ ನಿಯಮ ಬಹುತೇಕ ಬೇಕಾದ್ದಕ್ಕಿಂತ ಹೆಚ್ಚು ಫ್ಯಾಕ್ಟರ್‌ಗಳನ್ನು ಕೊಡುತ್ತದೆ. ಇಲ್ಲಿ ಅದರ ಉತ್ತರ ನಾಲ್ಕು. ಕೆಲವು ಸಾಫ್ಟ್‌ವೇರ್‌ಗಳು ಬೇರೇನೂ ಹೇಳದಿದ್ದರೆ ಇದನ್ನೇ ಬಳಸುವುದರಿಂದ ಎಷ್ಟೋ ಪ್ರಬಂಧಗಳಲ್ಲಿ ಈ ಉತ್ತರವನ್ನು ಯಾರೂ ಪ್ರಶ್ನಿಸಿರುವುದಿಲ್ಲ.

ರೇಮಂಡ್ ಕ್ಯಾಟೆಲ್ 1966ರಲ್ಲಿ ಸೂಚಿಸಿದ ದಾರಿ ಕಣ್ಣಳತೆಯದು. ಐಗನ್ ಮೌಲ್ಯಗಳನ್ನು ನಕ್ಷೆಯಲ್ಲಿ ಗುರುತಿಸಿ ಗೆರೆ ಎಳೆದರೆ ಮೊದಲು ಕಡಿದಾದ ಇಳಿಜಾರು, ಬಳಿಕ ಬೆಟ್ಟದ ಬುಡದಲ್ಲಿ ಹರಡಿದ ಕಲ್ಲುಚೂರಿನಂತೆ ಮಂದ ಇಳಿಕೆ ಕಾಣುತ್ತದೆ. ಗೆರೆ ಬಾಗುವ ಜಾಗಕ್ಕಿಂತ ಮೇಲಿರುವವು ಮಾತ್ರ ಲೆಕ್ಕಕ್ಕೆ. ಈ ಉದಾಹರಣೆಯಲ್ಲಿ 1.90ರಿಂದ 1.15ಕ್ಕೆ ದೊಡ್ಡ ಜಿಗಿತವಿದೆ, ಆದ್ದರಿಂದ ಎರಡು. ಆದರೆ 1.04ರಿಂದ 0.72ಕ್ಕೂ ಒಂದು ಸಣ್ಣ ಬಾಗು ಇದೆಯಲ್ಲ ಎಂದು ಇನ್ನೊಬ್ಬರು ವಾದಿಸಿದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಈ ವಿಧಾನದ ದೌರ್ಬಲ್ಯ ಅಲ್ಲಿದೆ.

ಇಂದು ಹೆಚ್ಚು ನಂಬಿಕೆಗೆ ಪಾತ್ರವಾಗಿರುವುದು ಜಾನ್ ಹಾರ್ನ್ 1965ರಲ್ಲಿ ಕೊಟ್ಟ ಸಮಾನಾಂತರ ವಿಶ್ಲೇಷಣೆ. ನಿಜವಾದ ದತ್ತಾಂಶದಷ್ಟೇ ಗಾತ್ರದ, ಅಂದರೆ 300 ಮಂದಿ ಮತ್ತು 12 ಹೇಳಿಕೆಗಳ, ಕೃತಕ ದತ್ತಾಂಶವನ್ನು ಕಂಪ್ಯೂಟರ್ ಯಾದೃಚ್ಛಿಕ ಅಂಕಿಗಳಿಂದ ತಯಾರಿಸುತ್ತದೆ. ಅದರಲ್ಲಿ ಯಾವ ಫ್ಯಾಕ್ಟರೂ ಇಲ್ಲವೆಂಬುದು ಮೊದಲೇ ಗೊತ್ತು. ಆದರೂ ಅದರಿಂದ ಐಗನ್ ಮೌಲ್ಯಗಳು ಬರುತ್ತವೆ. ಇದನ್ನೇ ನೂರಾರು ಸಲ ಮಾಡಿ ಸರಾಸರಿ ತೆಗೆದರೆ ಆಕಸ್ಮಿಕವೊಂದೇ ಎಷ್ಟು ದೊಡ್ಡ ಮೌಲ್ಯವನ್ನು ಹುಟ್ಟಿಸಬಲ್ಲದು ಎಂಬುದು ತಿಳಿಯುತ್ತದೆ. ಈ ಗಾತ್ರದ ದತ್ತಾಂಶಕ್ಕೆ ಆ ಸರಾಸರಿಗಳು ಸುಮಾರು 1.33, 1.24, 1.18, 1.11 ಎಂದು ಸಾಗುತ್ತವೆ. ಈಗ ನಿಜವಾದವನ್ನು ಇವುಗಳ ಪಕ್ಕದಲ್ಲಿಡಬೇಕು. 4.10 ಎದುರು 1.33, ಗೆದ್ದಿತು. 1.90 ಎದುರು 1.24, ಗೆದ್ದಿತು. 1.15 ಎದುರು 1.18, ಸೋತಿತು. ಎಣಿಕೆ ಅಲ್ಲಿಗೆ ನಿಲ್ಲುತ್ತದೆ. ಸರಾಸರಿಯ ಬದಲು ನೂರರಲ್ಲಿ 95ನ್ನು ಮೀರಿದ ಮೌಲ್ಯದೊಂದಿಗೆ ಹೋಲಿಸುವ ಇನ್ನಷ್ಟು ಬಿಗಿಯಾದ ಕ್ರಮವೂ ಇದೆ.

ಇಷ್ಟಾದರೂ ಮೂರನೆಯದು ಸೋತದ್ದು ಕೂದಲೆಳೆಯ ಅಂತರದಲ್ಲಿ. ಬೇರೆ 300 ಮಂದಿ ಸಿಕ್ಕಿದ್ದರೆ ಅದು ಗೆದ್ದಿರಬಹುದಿತ್ತು. ಆದ್ದರಿಂದ ಸಮಾನಾಂತರ ವಿಶ್ಲೇಷಣೆ ಎರಡು ಎಂದರೆ ಎರಡನ್ನಷ್ಟೇ ನೋಡಿ ಮುಗಿಸಬಾರದು. ಒಂದು, ಎರಡು, ಮೂರು, ನಾಲ್ಕು ಫ್ಯಾಕ್ಟರ್‌ಗಳ ಉತ್ತರಗಳನ್ನೆಲ್ಲ ತೆಗೆದು, ಯಾವ ಹೇಳಿಕೆ ಎಲ್ಲಿ ಕೂರುತ್ತದೆ ಎಂದು ಓದಬೇಕು. ಓದುವ ಮೊದಲು ಫ್ಯಾಕ್ಟರ್‌ಗಳ ಅಕ್ಷಗಳನ್ನು ತಿರುಗಿಸಿ, ಪ್ರತಿ ಹೇಳಿಕೆಯೂ ಆದಷ್ಟು ಒಂದೇ ಫ್ಯಾಕ್ಟರ್‌ಗೆ ಅಂಟುವಂತೆ ಮಾಡಲಾಗುತ್ತದೆ. ಚಿಂತೆಯೂ ಉದ್ವೇಗವೂ ಜೊತೆಜೊತೆಗೆ ಬರುವಂಥವು. ಅವುಗಳ ನಡುವೆ ಸಂಬಂಧವೇ ಇಲ್ಲ ಎಂದು ಹಟ ಹಿಡಿಯುವ ವ್ಯಾರಿಮ್ಯಾಕ್ಸ್‌ಗಿಂತ, ಸಂಬಂಧಕ್ಕೆ ಅವಕಾಶ ಕೊಡುವ ಆಬ್ಲಿಮಿನ್ ಅಥವಾ ಪ್ರೋಮ್ಯಾಕ್ಸ್ ತಿರುಗಿಸುವಿಕೆ ಇಲ್ಲಿ ಸರಿ.

ಎರಡು ಫ್ಯಾಕ್ಟರ್‌ಗಳ ಉತ್ತರದಲ್ಲಿ ಆರು ಆರು ಹೇಳಿಕೆಗಳು ನಿರೀಕ್ಷಿಸಿದಂತೆಯೇ ಬೇರೆಯಾಗುತ್ತವೆ, ಫ್ಯಾಕ್ಟರ್‌ಗಳ ನಡುವಿನ ಸಹಸಂಬಂಧ 0.45ರ ಆಸುಪಾಸು. ಮೂರು ಕೇಳಿದಾಗ ನಿದ್ದೆಯ ಎರಡು ಹೇಳಿಕೆಗಳು ಉಳಿದವುಗಳಿಂದ ಕಳಚಿಕೊಂಡು ತಮ್ಮದೇ ಫ್ಯಾಕ್ಟರ್ ಕಟ್ಟುತ್ತವೆ. ಇದನ್ನು ಕಂಡು ‘ನಿದ್ರಾಭಂಗ’ ಎಂಬ ಹೊಸ ಆಯಾಮ ಸಿಕ್ಕಿತು ಎಂದು ಹಿಗ್ಗುವವರಿದ್ದಾರೆ. ನಿಜವಾಗಿ ನಡೆದದ್ದು ಇಷ್ಟೇ: ಒಂದೇ ಹೇಳಿಕೆಯನ್ನು ಮಾತು ಬದಲಿಸಿ ಎರಡು ಸಲ ಕೇಳಲಾಗಿದೆ, ಅದಕ್ಕೆ 0.72 ಸಾಕ್ಷಿ. ಎರಡೇ ಹೇಳಿಕೆಗಳ ಮೇಲೆ ನಿಂತ ಫ್ಯಾಕ್ಟರ್ ಭದ್ರವಾಗಿರುವುದಿಲ್ಲ. ಲೆಕ್ಕದಲ್ಲಿ ಒಂದರ ಏರುಪೇರು ಪೂರ್ತಿಯಾಗಿ, ಕೆಲವೊಮ್ಮೆ ಪೂರ್ತಿಗಿಂತಲೂ ಹೆಚ್ಚಾಗಿ ವಿವರಿಸಲ್ಪಟ್ಟಂತೆ ಬರುವ ಅಸಂಬದ್ಧತೆಯೂ ಇಂಥಲ್ಲೇ ಎದುರಾಗುತ್ತದೆ. ಅದಕ್ಕೆ ಹೇವುಡ್ ಪ್ರಕರಣ ಎನ್ನುತ್ತಾರೆ. ಪರಿಹಾರವೆಂದರೆ ಎರಡರಲ್ಲೊಂದನ್ನು ಕೈಬಿಟ್ಟು 11 ಹೇಳಿಕೆಗಳಿಂದ ಎಲ್ಲವನ್ನೂ ಮೊದಲಿಂದ ಲೆಕ್ಕ ಹಾಕುವುದು. ನಿದ್ದೆಯೇ ಮುಖ್ಯ ಎನಿಸಿದರೆ ಅದರ ಬಗ್ಗೆ ಇನ್ನೂ ಮೂರು ನಾಲ್ಕು ಬೇರೆ ಬೇರೆ ಹೇಳಿಕೆಗಳನ್ನು ಬರೆದು ಹೊಸಬರಿಂದ ಉತ್ತರ ಪಡೆಯಬೇಕು.

ನಾಲ್ಕನೆಯದರ ಕಥೆ ಇನ್ನೂ ಸೂಕ್ಷ್ಮವಾದದ್ದು. ಅದರಲ್ಲಿ ಕೂರುವವು ‘ಫಲಿತಾಂಶದ ಬಗ್ಗೆ ನನಗೆ ಭಯವಿಲ್ಲ’ ಮತ್ತು ‘ಪರೀಕ್ಷಾ ಕೊಠಡಿಯಲ್ಲಿ ನನ್ನ ಕೈ ನಡುಗುವುದಿಲ್ಲ’. ಒಂದು ಚಿಂತೆಯದು, ಇನ್ನೊಂದು ಉದ್ವೇಗದ್ದು; ಅರ್ಥದಲ್ಲಿ ಹತ್ತಿರವಲ್ಲ. ಅವುಗಳಿಗೆ ಸಮಾನವಾದದ್ದು ‘ಇಲ್ಲ’ ಮಾತ್ರ. ಕಣ್ಣುಮುಚ್ಚಿ ಎಲ್ಲವನ್ನೂ ಒಪ್ಪುವವರನ್ನು ಹಿಡಿಯಲು ಇಂಥ ತಿರುಗುಮುರುಗು ಹೇಳಿಕೆಗಳನ್ನು ಸೇರಿಸುವುದುಂಟು. ಆದರೆ ಭಯವಿರುವ ಹುಡುಗಿ ‘ಭಯವಿಲ್ಲ’ ಎಂಬುದನ್ನು ‘ಒಪ್ಪುವುದಿಲ್ಲ’ ಎಂದು ಗುರುತಿಸಬೇಕು. ಎರಡು ನಿಷೇಧಗಳ ನಡುವೆ ಕೆಲವರು ಎಡವುತ್ತಾರೆ. ಎಡವಿದವರೆಲ್ಲ ಈ ಎರಡೂ ಹೇಳಿಕೆಗಳಲ್ಲಿ ಒಂದೇ ರೀತಿ ಎಡವುವುದರಿಂದ ಸಹಸಂಬಂಧ ಹೆಚ್ಚುತ್ತದೆ, ಫ್ಯಾಕ್ಟರ್ ಹುಟ್ಟುತ್ತದೆ. ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಹತ್ತು ಹೇಳಿಕೆಗಳ ಆತ್ಮಗೌರವ ಮಾಪನಕ್ಕೂ ಇದೇ ಆಗಿದೆ. ಅದರಲ್ಲಿ ಐದು ಮೆಚ್ಚುಗೆಯ ಹೇಳಿಕೆಗಳು, ಐದು ತೆಗಳಿಕೆಯವು. ವಿಶ್ಲೇಷಿಸಿದಾಗ ಮತ್ತೆ ಮತ್ತೆ ಎರಡು ಫ್ಯಾಕ್ಟರ್‌ಗಳು ಬರುತ್ತವೆ. ಆತ್ಮಗೌರವವೇ ಎರಡು ಬಗೆಯದೋ, ವಾಕ್ಯರಚನೆಯ ನೆರಳು ಮಾತ್ರವೋ ಎಂಬ ಚರ್ಚೆ ದಶಕಗಳಿಂದ ನಡೆದಿದ್ದು, ನೆರಳೆನ್ನುವವರ ಪಾಲು ದೊಡ್ಡದು. ಫ್ಯಾಕ್ಟರ್‌ಗೆ ಹೆಸರಿಡುವ ಮೊದಲು ಅದರ ಹೇಳಿಕೆಗಳಲ್ಲಿ ಅರ್ಥ ಸಮಾನವಾಗಿದೆಯೇ, ಬರಿಯ ವಾಕ್ಯದ ಆಕಾರವೇ ಎಂದು ನೋಡುವುದು ಇದಕ್ಕಾಗಿ.

ಹೆಚ್ಚು ಫ್ಯಾಕ್ಟರ್ ಇಟ್ಟುಕೊಂಡರೆ ಹೀಗೆ ಇಲ್ಲದ್ದಕ್ಕೆ ಹೆಸರು ಬರುತ್ತದೆ. ಕಡಿಮೆ ಇಟ್ಟುಕೊಂಡರೆ ಆಗುವ ಕೇಡು ಇದಕ್ಕಿಂತ ದೊಡ್ಡದು. ಇಲ್ಲಿ ಒಂದೇ ಫ್ಯಾಕ್ಟರ್ ಕೇಳಿದರೆ ಚಿಂತೆಯೂ ಉದ್ವೇಗವೂ ಒಂದರಲ್ಲೊಂದು ಬೆರೆತು, ಯಾವುದರ ಲೋಡಿಂಗ್ ಏನನ್ನು ಹೇಳುತ್ತಿದೆ ಎಂಬುದೇ ತಿಳಿಯದಾಗುತ್ತದೆ. ಗುರುತಿಸುವ ಬಗೆಯೂ ಇದೆ: ಉತ್ತರ ಸಿಕ್ಕ ಮೇಲೆ ಫ್ಯಾಕ್ಟರ್‌ಗಳು ವಿವರಿಸದೆ ಉಳಿಸಿದ ಸಹಸಂಬಂಧಗಳನ್ನು ನೋಡಬೇಕು. ಅವು ಹೆಚ್ಚುಕಡಿಮೆ ಸೊನ್ನೆಯಾಗಿದ್ದರೆ ಸರಿ. ಒಂದು ಗುಂಪಿನ ಹೇಳಿಕೆಗಳ ನಡುವೆಯೇ 0.1, 0.2ರಷ್ಟು ಉಳಿದಿದ್ದರೆ ಅಲ್ಲೊಂದು ಫ್ಯಾಕ್ಟರ್ ಬಿಟ್ಟುಹೋಗಿದೆ.

ಕೊನೆಗೆ 11 ಹೇಳಿಕೆ, ಎರಡು ಫ್ಯಾಕ್ಟರ್ ಎಂದು ತೀರ್ಮಾನವಾಯಿತೆನ್ನೋಣ. ‘ಇಲ್ಲ’ ಎನ್ನುವ ಎರಡು ಹೇಳಿಕೆಗಳನ್ನೂ ನೇರ ಮಾತಿನಲ್ಲಿ ತಿದ್ದಿ ಬರೆಯಲಾಯಿತು. ಈ ರಚನೆ ನಿಲ್ಲುತ್ತದೆಯೇ ಎಂಬ ಪರೀಕ್ಷೆಯನ್ನು ಅದೇ 300 ಮಂದಿಯ ಉತ್ತರಗಳ ಮೇಲೆ ಮಾಡುವಂತಿಲ್ಲ, ಏಕೆಂದರೆ ಹೇಳಿಕೆಗಳನ್ನು ಬಿಟ್ಟದ್ದೂ ಉಳಿಸಿದ್ದೂ ಆ ಉತ್ತರಗಳನ್ನು ನೋಡಿಯೇ. ತಿದ್ದಿದ ಪ್ರಶ್ನಾವಳಿಯನ್ನು ಬೇರೆ ಕಾಲೇಜುಗಳ ಬೇರೆ ವಿದ್ಯಾರ್ಥಿಗಳಿಗೆ ಕೊಟ್ಟು, ಎರಡು ಫ್ಯಾಕ್ಟರ್‌ಗಳ ಮಾದರಿಯನ್ನು ಮೊದಲೇ ಬರೆದಿಟ್ಟು, ಹೊಸ ಉತ್ತರಗಳು ಅದಕ್ಕೆ ಹೊಂದುತ್ತವೆಯೇ ಎಂದು ದೃಢೀಕರಣ ಫ್ಯಾಕ್ಟರ್ ವಿಶ್ಲೇಷಣೆಯಿಂದ ನೋಡುತ್ತಾರೆ. ಅಲ್ಲಿ ಎರಡು ಫ್ಯಾಕ್ಟರ್‌ಗಳ ನಡುವಿನ ಸಹಸಂಬಂಧ 0.9ರಷ್ಟು ಬಂದರೆ ಚಿಂತೆ, ಉದ್ವೇಗ ಎಂದು ಎರಡು ಅಂಕ ಕೊಡುವುದಕ್ಕೆ ಆಧಾರ ಉಳಿಯುವುದಿಲ್ಲ, 0.45ರ ಆಸುಪಾಸಿನಲ್ಲೇ ನಿಂತರೆ ಎರಡನ್ನೂ ಬೇರೆ ಬೇರೆಯಾಗಿ ಕೂಡಿಸಬಹುದು.