ಕೈ ತಲೆಗೆ ಹೋಗುವ ಮುನ್ನ

ಹದಿಹರೆಯದ ಹುಡುಗಿಯ ನೆತ್ತಿಯಲ್ಲಿ ಕೂದಲು ಇದ್ದಕ್ಕಿದ್ದಂತೆ ತೆಳುವಾಗಿ ಬುರುಡೆ ಕಾಣತೊಡಗಿದರೆ ಮನೆಯವರು ಮೊದಲು ಹೇಳುವ ಮಾತು 'ಹುಳ ತಿಂದಿರಬೇಕು' ಎಂದು. ಈರುಳ್ಳಿ ರಸ ಹಚ್ಚುತ್ತಾರೆ, ಎಣ್ಣೆ ಬದಲಾಯಿಸುತ್ತಾರೆ, ಯಾವುದೂ ಹಿಡಿಸದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗುತ್ತಾರೆ. ಡಾಕ್ಟರು ಲೆನ್ಸ್ ಹಿಡಿದು ನೋಡಿದಾಗ ಕೆಲವೊಮ್ಮೆ ಬೇರೆಯೇ ಸಂಗತಿ ಕಾಣಿಸುತ್ತದೆ. ಹುಳ ತಿಂದಂತೆ ಕೂದಲು ಹೋಗುವ ಅಲೋಪೇಶಿಯಾ ಏರಿಯೇಟಾ ಕಾಯಿಲೆಯಲ್ಲಿ ಬೋಳಾದ ಜಾಗ ಸಾಮಾನ್ಯವಾಗಿ ಗುಂಡಗೆ, ನುಣ್ಣಗೆ ಇರುತ್ತದೆ. ಇಲ್ಲಿ ಅಂಚು ಅಡ್ಡಾದಿಡ್ಡಿ. ಜಾಗ ಪೂರ್ತಿ ಬೋಳೂ ಅಲ್ಲ. ಅಲ್ಲಲ್ಲಿ ಮೊಂಡು ಕೂದಲು ನಿಂತಿರುತ್ತವೆ. ಒಂದು ಚುಕ್ಕೆಯಷ್ಟಿದ್ದರೆ ಪಕ್ಕದ್ದು ಉಗುರಿನಷ್ಟು ಉದ್ದ, ಇನ್ನೊಂದರ ತುದಿ ಸೀಳಿ ಸುರುಳಿಯಾಗಿರುತ್ತದೆ. ಒಂದೊಂದು ಕೂದಲೂ ಒಂದೊಂದು ದಿನ ಕಿತ್ತುಹೋಗಿದೆ ಎಂಬುದರ ಗುರುತು ಅದು. ಕಿತ್ತದ್ದು ಆ ಹುಡುಗಿಯ ಕೈಯೇ.

1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಫ್ರಾಂಸ್ವಾ ಆನ್ರಿ ಅಲೊಪೊ ಇದಕ್ಕೆ ಟ್ರೈಕೋಟಿಲೋಮೇನಿಯಾ ಎಂದು ಹೆಸರಿಟ್ಟ. ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಇದು ಇರುತ್ತದೆಂಬ ಅಂದಾಜಿದೆ. ಹೆಚ್ಚಾಗಿ ಹತ್ತರಿಂದ ಹದಿಮೂರರ ವಯಸ್ಸಿನಲ್ಲಿ ಶುರುವಾಗುತ್ತದೆ. ತಲೆಯೊಂದೇ ಅಲ್ಲ, ಹುಬ್ಬು, ರೆಪ್ಪೆ, ಗಂಡಸರಲ್ಲಿ ಗಡ್ಡ, ಎಲ್ಲಿ ಬೇಕಾದರೂ ಆಗಬಹುದು. ಇಷ್ಟು ಜನರಿಗಿದ್ದರೂ ನಮಗೆ ಗೊತ್ತಾಗದಿರುವುದಕ್ಕೆ ಕಾರಣ ನಾಚಿಕೆ. ಬೈತಲೆಯನ್ನು ಪಕ್ಕಕ್ಕೆ ತೆಗೆದು, ದುಪ್ಪಟ್ಟಾ ಹೊದ್ದು, ಹುಬ್ಬನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ವರ್ಷಗಟ್ಟಲೆ ಮುಚ್ಚಿಡುವವರಿದ್ದಾರೆ.

'ಕೀಳಬೇಡ' ಎಂದರೆ ಯಾಕೆ ನಿಲ್ಲುವುದಿಲ್ಲ? ಇದನ್ನು ಅರ್ಥ ಮಾಡಿಕೊಳ್ಳದೆ ಚಿಕಿತ್ಸೆ ಅರ್ಥವಾಗುವುದಿಲ್ಲ. ಕೀಳುವುದರಲ್ಲಿ ಎರಡು ಬಗೆಯಿದೆ. ಒಂದು, ಅರಿವಿಲ್ಲದೆ ಕೀಳುವುದು. ಓದುವಾಗ, ಟಿವಿ ನೋಡುವಾಗ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಕೈ ತಾನಾಗಿ ಮೇಲೇರುತ್ತದೆ. ಪುಸ್ತಕದ ಮೇಲೆ ಕೂದಲು ಬಿದ್ದಿದ್ದು ಕಂಡ ಮೇಲೆಯೇ ಕಿತ್ತದ್ದು ತಿಳಿಯುವುದು. ಇನ್ನೊಂದು, ಗೊತ್ತಿದ್ದೇ ಕೀಳುವುದು. ಮನಸ್ಸಿಗೆ ಬೇಸರ, ಸಿಟ್ಟು, ಇಲ್ಲವೇ ನೆತ್ತಿಯಲ್ಲಿ ಏನೋ ಚುರುಚುರು. ಒಂದು ನಿರ್ದಿಷ್ಟ ಕೂದಲು, ಬಹುಪಾಲು ಒರಟಾದದ್ದು, ಸುಕ್ಕಾದದ್ದು, ಬೆರಳಿಗೆ ಸಿಗುವತನಕ ಸಮಾಧಾನವಿಲ್ಲ. ಸಿಕ್ಕು ಕಿತ್ತೊಡನೆ ಒಂದು ಹಗುರ. ಬೇರಿನ ಬಿಳಿ ಗುಂಡಿಯನ್ನು ನೋಡುವುದು, ತುಟಿಗೆ ಸವರಿಕೊಳ್ಳುವುದು, ಕಚ್ಚುವುದು, ಇವೂ ಆ ಸರಣಿಯ ಭಾಗ. ಒಬ್ಬರಲ್ಲೇ ಎರಡೂ ಬಗೆ ಇರುವುದೇ ಹೆಚ್ಚು.

ಆ ಕ್ಷಣದ ಹಗುರವೇ ರೂಢಿಯನ್ನು ಗಟ್ಟಿ ಮಾಡುವುದು. ತುಡಿತ ಏರಿದಾಗಲೆಲ್ಲ ಕಿತ್ತರೆ ಅದು ಇಳಿಯುತ್ತದೆ. ಇಳಿಯಬೇಕಾದರೆ ಕೀಳಲೇಬೇಕು ಎಂದು ಮೆದುಳು ಕಲಿತುಕೊಳ್ಳುತ್ತದೆ. ಕೀಳದೆ ಬಿಟ್ಟರೂ ತುಡಿತ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಳಿಯುತ್ತದೆಂಬುದನ್ನು ನೋಡುವ ಅವಕಾಶವೇ ಅದಕ್ಕೆ ಸಿಕ್ಕಿರುವುದಿಲ್ಲ. ಬೈಗುಳ ಇಲ್ಲಿ ಎರಡು ರೀತಿ ಸೋಲುತ್ತದೆ. ಅರಿವಿಲ್ಲದೆ ಏಳುವ ಕೈಗೆ ಬೈದರೆ ಕೇಳಿಸುವುದಿಲ್ಲ. ಗೊತ್ತಿದ್ದೇ ಕೀಳುವವಳಿಗೆ ಬೈದರೆ ಅವಮಾನ ಹೆಚ್ಚಿ ತುಡಿತ ಇನ್ನಷ್ಟು ಏರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಆಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಹ್ಯಾಬಿಟ್ ರಿವರ್ಸಲ್ ಎಂಬ ತರಬೇತಿಯನ್ನು ಪ್ರಕಟಿಸಿದರು. ಮುಖದ ಸೆಳೆತ, ಉಗುರು ಕಚ್ಚುವುದು ಇಂಥ ರೂಢಿಗಳಿಗೆ ಹೊಂದಿಸಿದ್ದ ಅದನ್ನು 1980ರಲ್ಲಿ ಕೂದಲು ಕೀಳುವವರ ಮೇಲೂ ಪ್ರಯೋಗಿಸಿ ನೋಡಿದರು. ಇವತ್ತಿಗೂ ಈ ತೊಂದರೆಗೆ ಮೊದಲು ಹೇಳುವ ಚಿಕಿತ್ಸೆಗಳ ತಳಪಾಯ ಅದೇ. ಅದರ ಜೀವಾಳ ಎರಡೇ: ಕೈ ಏಳುವುದನ್ನು ಏಳುವಾಗಲೇ ಗುರುತಿಸುವುದು, ಗುರುತಿಸಿದ ಕೂಡಲೇ ಆ ಕೈಗೆ ಕೀಳಲಾಗದಂಥ ಬೇರೆ ಕೆಲಸ ಕೊಡುವುದು.

ಇದು ಹೇಗೆ ನಡೆಯುತ್ತದೆಂದು ತೋರಿಸಲು ಒಂದು ಉದಾಹರಣೆ ಕಟ್ಟಿಕೊಳ್ಳುತ್ತೇನೆ. ದಾವಣಗೆರೆಯಲ್ಲಿ ಎರಡನೇ ಪಿಯುಸಿ ಓದುವ ಹುಡುಗಿ, ರಮ್ಯಾ ಎನ್ನೋಣ. ಇವಳು ಒಬ್ಬ ವ್ಯಕ್ತಿಯಲ್ಲ, ಇಂಥ ಅನೇಕರಲ್ಲಿ ಕಾಣುವುದನ್ನು ಕೂಡಿಸಿ ಮಾಡಿದ ಚಿತ್ರ.

ಮೊದಲ ವಾರ ಮನಶ್ಶಾಸ್ತ್ರಜ್ಞೆ ಅವಳಿಗೆ ನಿಲ್ಲಿಸು ಎನ್ನುವುದೇ ಇಲ್ಲ. ಬರೆ ಎನ್ನುತ್ತಾರೆ, ಅಷ್ಟೇ. ಕಿತ್ತಾಗಲೆಲ್ಲ ಎಷ್ಟು ಗಂಟೆ, ಎಲ್ಲಿ ಕೂತಿದ್ದೆ, ಏನು ಮಾಡುತ್ತಿದ್ದೆ, ಯಾವ ಕೈ, ಹಿಂದಿನ ಗಳಿಗೆಯಲ್ಲಿ ಏನನ್ನಿಸಿತು, ಎಷ್ಟು ಕೂದಲು. ಕೂದಲನ್ನು ಒಂದು ಕವರಿನಲ್ಲಿ ಹಾಕಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಈ ಬರವಣಿಗೆಯಿಂದಲೇ ಕೆಲವರಲ್ಲಿ ಕೀಳುವುದು ಸ್ವಲ್ಪ ತಗ್ಗುತ್ತದೆ. ರಮ್ಯಾಳ ಹಾಳೆ ನೋಡಿದರೆ ಬಹುಪಾಲು ದಾಖಲೆ ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ, ಓದುವ ಮೇಜಿನ ಹತ್ತಿರ, ಲೆಕ್ಕ ಬಿಡಿಸುವಾಗ. ಎಡಗೈಯಲ್ಲಿ ಪುಸ್ತಕ ಒತ್ತಿಕೊಂಡು, ಬಲಗೈಯ ಪೆನ್ನು ಕೆಳಗಿಟ್ಟು ಯೋಚಿಸುವ ಹೊತ್ತು ಅದು. ಇನ್ನು ಕೆಲವು ದಾಖಲೆ ಬಚ್ಚಲಿನ ಕನ್ನಡಿಯ ಮುಂದೆ, ಬೆಳಿಗ್ಗೆ. ಅವು ಸಂಖ್ಯೆಯಲ್ಲಿ ಕಡಿಮೆ, ಆದರೆ ಒಂದು ಸಲಕ್ಕೆ ಹೋಗುವ ಕೂದಲು ಹೆಚ್ಚು.

ಮುಂದಿನ ಹೆಜ್ಜೆ ಕೈಯ ದಾರಿಯನ್ನು ಬಿಡಿಸಿ ನೋಡುವುದು. ಅವಳು ಕೀಳುವ ಚಲನೆಯನ್ನು ನಿಧಾನವಾಗಿ, ಕೀಳದೆ, ಮಾಡಿ ತೋರಿಸುತ್ತಾಳೆ. ಮೊಣಕೈ ಮೇಜಿಗೆ ಊರುತ್ತದೆ. ಅಂಗೈ ಕೆನ್ನೆಗೆ ಬರುತ್ತದೆ. ಬೆರಳು ಕಿವಿಯ ಹಿಂದೆ ಸರಿದು ನೆತ್ತಿಗೆ ಏರುತ್ತದೆ. ಸವರುತ್ತದೆ, ಒಂದನ್ನು ಆರಿಸುತ್ತದೆ, ಎಳೆಯುತ್ತದೆ. ಇಷ್ಟು ಹಂತಗಳಲ್ಲಿ ಅವಳಿಗೆ ಈತನಕ ಗೊತ್ತಾಗುತ್ತಿದ್ದದ್ದು ಕೊನೆಯದು ಮಾತ್ರ. ಇನ್ನು ಮೇಲೆ ಮೊಣಕೈ ಊರಿದ ಗಳಿಗೆಯೇ ಎಚ್ಚರಿಕೆಯ ಗಂಟೆ. ನನಗೆ ಇಡೀ ತರಬೇತಿಯಲ್ಲಿ ಬಹಳ ಬೆಲೆಯುಳ್ಳದ್ದು ಎನಿಸುವುದು ಈ ಭಾಗ. ಇದನ್ನು ಅವಸರದಲ್ಲಿ ಮುಗಿಸಿದರೆ ಮುಂದಿನದು ನಿಲ್ಲುವುದಿಲ್ಲ.

ಆಮೇಲೆ ಬದಲಿ ಕ್ರಿಯೆ. ಅದನ್ನು ಮಾಡುತ್ತಿರುವಾಗ ಕೀಳಲು ಸಾಧ್ಯವೇ ಇರಬಾರದು, ನೋಡುವವರಿಗೆ ವಿಚಿತ್ರ ಅನ್ನಿಸಬಾರದು, ತರಗತಿಯಲ್ಲೂ ಮಾಡುವಂತಿರಬೇಕು. ರಮ್ಯಾ ಆರಿಸಿಕೊಂಡದ್ದು: ಬಲಗೈ ಮುಷ್ಟಿ ಬಿಗಿದು, ತೋಳನ್ನು ಪಕ್ಕೆಗೆ ಒತ್ತಿ, ಮುಷ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು. ಒಂದರಿಂದ ಮೂರು ನಿಮಿಷ. ತುಡಿತ ಬಂದಾಗ ಮಾಡಬೇಕು, ಮೊಣಕೈ ಊರಿದಾಗ ಮಾಡಬೇಕು, ತಡವಾಗಿ ಗೊತ್ತಾಗಿ ಬೆರಳಲ್ಲಿ ಕೂದಲು ಹಿಡಿದಿದ್ದರೆ ಬಿಟ್ಟು ಮಾಡಬೇಕು, ಕಿತ್ತಾಗಿದ್ದರೂ ಮಾಡಬೇಕು. ಇದು ಶಿಕ್ಷೆಯಲ್ಲ. ಬಿಗಿದ ಮುಷ್ಟಿಯಲ್ಲಿ ಆ ಕೆಲವು ನಿಮಿಷ ಕಳೆಯುವಾಗ ತುಡಿತ ಏರಿ, ನಿಂತು, ಇಳಿಯುವುದನ್ನು ಅವಳು ಸ್ವತಃ ನೋಡುತ್ತಾಳೆ. ಮೆದುಳಿಗೆ ಈತನಕ ತಪ್ಪಿಹೋಗಿದ್ದ ಪಾಠ ಇದೇ.

ಎರಡನೇ ವಾರದ ಹಾಳೆಯಲ್ಲಿ ಮೇಜಿನ ಹತ್ತಿರದ ದಾಖಲೆಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಮೂರನೇ ವಾರ ಮತ್ತೆ ಏರುತ್ತವೆ. ಯಾಕೆಂದು 'ಯಾವ ಕೈ' ಎಂಬ ಅಂಕಣ ಹೇಳುತ್ತದೆ: ಬಲಗೈ ತೊಡೆಯ ಮೇಲಿದೆ, ಪುಸ್ತಕ ಬಿಟ್ಟ ಎಡಗೈ ಕೆಲಸ ಶುರು ಮಾಡಿದೆ. ಹೀಗಾಗುವುದು ಅಪರೂಪವಲ್ಲ. ಬದಲಿ ಕ್ರಿಯೆಯನ್ನು ಎರಡೂ ಕೈಗೆ ಹೊಂದುವಂತೆ ಬದಲಾಯಿಸುತ್ತಾರೆ. ಈಗ ಎರಡೂ ಅಂಗೈ ಸೇರಿಸಿ ಬೆರಳು ಹೆಣೆದುಕೊಳ್ಳಬೇಕು. ಜೊತೆಗೆ ಜಾಗವನ್ನೂ ಬದಲಾಯಿಸುತ್ತಾರೆ. ಮೊಣಕೈ ಊರಲು ಮೇಜೇ ಸಿಗದಂತೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ ತೊಡೆಯ ಮೇಲೆ ರಟ್ಟಿಟ್ಟು ಬರೆಯುವುದು, ಓದುವಾಗ ತಲೆಗೆ ಸ್ಕಾರ್ಫ್ ಕಟ್ಟುವುದು, ಹೆಬ್ಬೆರಳು ತೋರುಬೆರಳಿಗೆ ಬ್ಯಾಂಡ್‌ಏಡ್ ಸುತ್ತುವುದು. ಬ್ಯಾಂಡ್‌ಏಡ್ ಸುತ್ತಿದ ಬೆರಳಿಗೆ ಒರಟು ಕೂದಲು ತಿಳಿಯುವುದಿಲ್ಲ. ಆರಿಸುವ ಹಂತವೇ ಮುರಿದುಬೀಳುತ್ತದೆ.

ಬಚ್ಚಲಿನ ಕನ್ನಡಿ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅಲ್ಲಿ ಅವಳು ಗೊತ್ತಿದ್ದೇ ಕೀಳುವವಳು. ಹಾಳೆಯ 'ಏನನ್ನಿಸಿತು' ಅಂಕಣದಲ್ಲಿ ಬರೆದಿದ್ದಾಳೆ: 'ಈ ಒಂದು ಕೂದಲು ಸರಿಯಿಲ್ಲ, ಇದನ್ನು ತೆಗೆದರೆ ಸಾಕು.' ಹ್ಯಾಬಿಟ್ ರಿವರ್ಸಲ್ ಅರಿವಿಲ್ಲದ ಕೀಳುವಿಕೆಗೆ ಚೆನ್ನಾಗಿ ಹೊಂದುತ್ತದೆ; ಭಾವನೆಯಿಂದ, ಯೋಚನೆಯಿಂದ ಹುಟ್ಟುವುದಕ್ಕೆ ಅದೊಂದೇ ಸಾಲದು. ಮನಶ್ಶಾಸ್ತ್ರಜ್ಞ ಡಗ್ಲಸ್ ವುಡ್ಸ್ ಮತ್ತು ಅವರ ಜೊತೆಗಾರರು ಅದಕ್ಕೆ ಇನ್ನೊಂದು ಚಿಕಿತ್ಸೆಯ ಭಾಗಗಳನ್ನು ಸೇರಿಸಿದ್ದು ಈ ಕಾರಣಕ್ಕೆ. ತುಡಿತವನ್ನು ಓಡಿಸಲು ಹೆಣಗದೆ, 'ಸರಿಯಿಲ್ಲ ಎಂಬ ಯೋಚನೆ ಬಂದಿದೆ' ಎಂದು ಗಮನಿಸಿ, ಅದು ಇರುವಾಗಲೇ ಮುಂದಿನ ಕೆಲಸಕ್ಕೆ ಕೈ ಹಾಕುವುದನ್ನು ಅಲ್ಲಿ ಅಭ್ಯಾಸ ಮಾಡಿಸುತ್ತಾರೆ. ರಮ್ಯಾಳಿಗೆ ಹಲ್ಲುಜ್ಜುವುದನ್ನು ಕನ್ನಡಿಯಿಂದ ದೂರ, ಹಿತ್ತಿಲಿಗೆ ಒಯ್ಯಲು ಹೇಳುತ್ತಾರೆ. ತಲೆ ಬಾಚುವುದು ಅಮ್ಮ ಪಕ್ಕದಲ್ಲಿರುವಾಗ. ಅಮ್ಮನಿಗೂ ಒಂದು ಪಾಠವಿದೆ. 'ಮತ್ತೆ ಕೈ ಹೋಯ್ತಾ?' ಎನ್ನಬಾರದು. ಬೆರಳು ಹೆಣೆದುಕೊಂಡದ್ದು ಕಂಡಾಗ 'ನೋಡ್ದೆ ಕಣಮ್ಮ, ಸರಿಯಾಗಿ ಹಿಡ್ಕೊಂಡೆ' ಎಂದರೆ ಸಾಕು. ಮರೆತಾಗ ನೆನಪಿಸಲು ಒಂದು ಗುಟ್ಟಿನ ಮಾತನ್ನು ಇಬ್ಬರೂ ಸೇರಿ ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ.

ಮಾತ್ರೆಯಿಲ್ಲವೇ ಎಂದು ತಂದೆತಾಯಿ ಕೇಳುವುದು ಸಹಜ. 2013ರಿಂದ ಇದನ್ನು ಒಸಿಡಿಯ ನೆಂಟ ಕಾಯಿಲೆಗಳ ಗುಂಪಿಗೆ ಸೇರಿಸಿದ್ದರೂ ಒಸಿಡಿಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಇಲ್ಲಿ ಅಷ್ಟೇ ಫಲ ಕೊಟ್ಟಿಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ 2009ರಲ್ಲಿ ದೊಡ್ಡವರ ಮೇಲೆ ನಡೆದ ಅಧ್ಯಯನದಲ್ಲಿ ನೆರವಾಯಿತು. 2013ರಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಸಕ್ಕರೆ ಗುಳಿಗೆಗಿಂತ ಮೇಲೆನಿಸಲಿಲ್ಲ. ಖಿನ್ನತೆ, ಆತಂಕ ಜೊತೆಗಿದ್ದರೆ ಅವಕ್ಕೆ ಮಾತ್ರೆ ಬೇಕಾಗಬಹುದು, ಅದು ಬೇರೆ ಮಾತು. ಕಿತ್ತ ಕೂದಲನ್ನು ನುಂಗುವ ರೂಢಿಯಿದ್ದರೆ ಮಾತ್ರ ತಡ ಮಾಡಬಾರದು. ಕೂದಲು ಅರಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆ ಕಟ್ಟಿ ಆಪರೇಷನ್ ಮಾಡಿ ತೆಗೆಯಬೇಕಾದ ಸಂದರ್ಭಗಳಿವೆ. ಹೊಟ್ಟೆನೋವು, ವಾಂತಿ, ತೂಕ ಇಳಿಯುವುದು ಕಂಡರೆ ಮೊದಲು ಡಾಕ್ಟರು. ಊರಿನಲ್ಲಿ ಈ ತರಬೇತಿ ಕೊಡುವವರು ಯಾರೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬಹಳ ವರ್ಷ ಕಿತ್ತು ಬುಡವೇ ಹಾಳಾಗಿರದಿದ್ದರೆ ಮತ್ತೆ ಬರುತ್ತದೆ. ತೊಡಕು ಇರುವುದೂ ಅಲ್ಲೇ. ಹೊಸದಾಗಿ ಚಿಗುರಿದ ಮೊಂಡು ಕೂದಲು ಬೆರಳಿಗೆ ಚುಚ್ಚುತ್ತದೆ, ನೆತ್ತಿ ತುರಿಸುತ್ತದೆ, ಬೇರೆ ಕೂದಲ ನಡುವೆ ಅದು ಎದ್ದು ಕಾಣುತ್ತದೆ. ಆರಿಸಿ ಕೀಳಲು ಹೇಳಿ ಮಾಡಿಸಿದಂತಿರುತ್ತದೆ. ಚಿಕಿತ್ಸೆ ಮುಗಿಸಿ ಕೆಲವು ತಿಂಗಳಲ್ಲಿ ಅನೇಕರು ಮತ್ತೆ ಶುರು ಮಾಡುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಕೊನೆಯ ಭೇಟಿಗಳಲ್ಲಿ ಮನಶ್ಶಾಸ್ತ್ರಜ್ಞೆ ರಮ್ಯಾಳ ಜೊತೆ ಆ ದಿನಗಳ ಬಗ್ಗೆಯೇ ಮಾತಾಡುತ್ತಾರೆ: ಪರೀಕ್ಷೆ ತಿಂಗಳು ಬಂದಾಗ, ನೆತ್ತಿ ಚುಚ್ಚತೊಡಗಿದಾಗ ಏನು ಮಾಡುತ್ತೀ? ಒಂದು ಸಂಜೆ ಹತ್ತು ಕೂದಲು ಹೋದರೆ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಕಿಲ್ಲ. ಮೂರು ದಿನ ಒಂದೇ ಸಮನೆ ಹೋದರೆ ಹಳೆಯ ಹಾಳೆಯನ್ನು ಮತ್ತೆ ತೆರೆದು ಗಂಟೆ, ಜಾಗ, ಕೈ ಬರೆಯಲು ಶುರು ಮಾಡಬೇಕು, ಬೆರಳಿಗೆ ಬ್ಯಾಂಡ್‌ಏಡ್ ಸುತ್ತಬೇಕು, ಒಂದು ವಾರದ ಹಾಳೆ ಹಿಡಿದುಕೊಂಡು ಅವರಿಗೆ ಫೋನ್ ಮಾಡಬೇಕು.