ಬಿಲ್ಲಿನ ಕ್ಯೂಆರ್ ಚೌಕದಿಂದ ಫೈಲಿನ ಹೆಸರು

ಕಟ್ಟುಗಟ್ಟಲೆ ಕಾಗದವನ್ನು ಸ್ಕ್ಯಾನರಿಗೆ ಕೊಟ್ಟರೆ ಅದು ಹಿಂತಿರುಗಿಸುವುದು Scan0001, Scan0002 ಎಂಬ ಹೆಸರುಗಳನ್ನು. ಒಳಗೆ ಯಾರ ಬಿಲ್ ಇದೆ, ಯಾವ ತಾರೀಖಿನದು ಎಂದು ತಿಳಿಯಲು ಪ್ರತಿಯೊಂದನ್ನೂ ತೆರೆದು ನೋಡಿ ಹೊಸ ಹೆಸರು ಟೈಪ್ ಮಾಡಬೇಕು. ಕಾಗದದ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಮೊದಲೇ ಅಚ್ಚಾಗಿದ್ದರೆ ಈ ಕೆಲಸವನ್ನು ಒಂದು ಸಣ್ಣ ಪ್ರೋಗ್ರಾಮಿಗೆ ಬಿಡಬಹುದು. ಅದು ಪುಟದ ಚಿತ್ರದಲ್ಲಿ ಕೋಡ್ ಹುಡುಕಿ, ಓದಿ, ಸಿಕ್ಕ ಸಂಖ್ಯೆಯನ್ನೇ ಫೈಲಿನ ಹೆಸರಾಗಿಸುತ್ತದೆ.

ಭಾರತದ ಲೆಕ್ಕಪತ್ರ ಕಚೇರಿಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಕಾಗದವೆಂದರೆ ಜಿಎಸ್‌ಟಿ ಇ-ಇನ್‌ವಾಯ್ಸ್. 2020ರ ಅಕ್ಟೋಬರ್ 1ರಂದು ದೊಡ್ಡ ಕಂಪನಿಗಳಿಂದ ಆರಂಭವಾದ ಈ ವ್ಯವಸ್ಥೆ ಹಂತಹಂತವಾಗಿ ಕೆಳಗಿಳಿಯಿತು. 2023ರ ಆಗಸ್ಟ್ 1ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ವ್ಯಾಪಾರಿಗಳೆಲ್ಲ ಇನ್ನೊಬ್ಬ ವ್ಯಾಪಾರಿಗೆ ಕೊಡುವ ಬಿಲ್ಲನ್ನು ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಅಲ್ಲಿಂದ ಬರುವ ಕ್ಯೂಆರ್ ಕೋಡನ್ನು ಬಿಲ್ಲಿನ ಮೇಲೆ ಅಚ್ಚು ಹಾಕಬೇಕು. ಮಾರಿದವರ ಮತ್ತು ಕೊಂಡವರ ಜಿಎಸ್‌ಟಿ ಸಂಖ್ಯೆ, ಬಿಲ್ ನಂಬರು, ತಾರೀಖು, ಒಟ್ಟು ಮೊತ್ತ, ಎಷ್ಟು ಬಗೆಯ ಸರಕು ಎಂಬುದೆಲ್ಲ ಆ ಚೌಕದೊಳಗೇ ಇರುತ್ತದೆ. ಜೊತೆಗೆ ಐಆರ್‌ಎನ್ ಎಂಬ 64 ಅಕ್ಷರಗಳ ಗುರುತೂ ಇರುತ್ತದೆ. ಇದು ಮಾರಿದವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ ಮತ್ತು ನಂಬರಿನಿಂದ ಲೆಕ್ಕ ಹಾಕಿದ ಗುರುತಾದ್ದರಿಂದ ಎರಡು ಬೇರೆ ಬಿಲ್ಲುಗಳಿಗೆ ಒಂದೇ ಐಆರ್‌ಎನ್ ಬರುವುದಿಲ್ಲ.

ಇಷ್ಟು ವಿವರದ ಜೊತೆಗೆ ಡಿಜಿಟಲ್ ಸಹಿಯೂ ಸೇರುವುದರಿಂದ ಚೌಕದಲ್ಲಿ ಸಾವಿರದ ಆಸುಪಾಸು ಅಕ್ಷರಗಳು ತುಂಬಿರುತ್ತವೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದ ಯುಪಿಐ ಕೋಡಿಗಿಂತ ಇದು ಎಷ್ಟೋ ದಟ್ಟ. ಉದಾಹರಣೆಗೆ, 25ನೆಯ ಗಾತ್ರದ ಕ್ಯೂಆರ್ ಕೋಡಿನಲ್ಲಿ ಅಡ್ಡಕ್ಕೆ 117 ಪುಟ್ಟ ಮನೆಗಳಿರುತ್ತವೆ. ಅದನ್ನು ಎರಡು ಇಂಚಿಗೆ ಅಚ್ಚು ಹಾಕಿ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಮನೆಗೆ ಐದು ಪಿಕ್ಸೆಲ್ ಸಿಗುತ್ತದೆ, ಆರಾಮಾಗಿ ಓದಬಹುದು. ಜಾಗ ಉಳಿಸಲು ಒಂದೇ ಇಂಚಿಗೆ ಕುಗ್ಗಿಸಿ 200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಮನೆಗೆ ಎರಡು ಪಿಕ್ಸೆಲ್ಲೂ ಇಲ್ಲ, ಮನೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಆದ್ದರಿಂದ 300ಕ್ಕಿಂತ ಕೆಳಗಿಳಿಯಬಾರದು, ಚಿಕ್ಕ ಚೌಕಗಳಿಗೆ 400 ಅಥವಾ 600 ಇಡಬೇಕು. ಬರೀ ಕಪ್ಪು-ಬಿಳುಪಿಗಿಂತ ಬೂದು ಛಾಯೆಯ ಸ್ಕ್ಯಾನ್ ಮೇಲು, ಏಕೆಂದರೆ ಮಾಸಿದ ಅಚ್ಚಿನಲ್ಲಿ ಯಾವುದು ಕಪ್ಪು ಎಂಬ ತೀರ್ಮಾನವನ್ನು ಕೋಡ್ ಓದುವ ಪ್ರೋಗ್ರಾಮೇ ಚೆನ್ನಾಗಿ ಮಾಡುತ್ತದೆ.

ಓದುವುದಕ್ಕೆ ಉಚಿತವಾಗಿ ಸಿಗುವ ಎರಡು ಉಪಕರಣಗಳು ಸಾಕು. pdftoppm ಪಿಡಿಎಫ್‌ನ ಪ್ರತಿ ಪುಟವನ್ನೂ ಚಿತ್ರವಾಗಿಸುತ್ತದೆ, zbarimg ಆ ಚಿತ್ರದಲ್ಲಿರುವ ಕೋಡನ್ನು ಓದುತ್ತದೆ.

```
pdftoppm -r 300 -gray -png bills.pdf p
for f in p-*.png; do
  echo "$f $(zbarimg -q --raw -Sdisable \
    -Sqrcode.enable "$f" | grep '^eyJ')"
done
```

ಕೊನೆಯ eyJ ಎಂಬ ಸೋಸುವಿಕೆ ಮುಖ್ಯವಾದದ್ದು. ಒಂದೇ ಬಿಲ್ಲಿನ ಮೇಲೆ ಹಣ ಪಾವತಿಯ ಕ್ಯೂಆರ್, ಸಾಗಣೆಯ ಇ-ವೇ ಬಿಲ್ ಕೋಡ್ ಎಲ್ಲವೂ ಇರಬಹುದು. ಪಾವತಿಯದು upi:// ಎಂದು ಶುರುವಾಗುತ್ತದೆ, ಇ-ಇನ್‌ವಾಯ್ಸಿನದು eyJ ಎಂದು. ಈ ಉದ್ದನೆಯ ಸಾಲು ಚುಕ್ಕೆಗಳಿಂದ ಮೂರು ಭಾಗವಾಗಿರುತ್ತದೆ. ನಡುವಿನ ಭಾಗವನ್ನು ಬೇಸ್64 ಪದ್ಧತಿಯಿಂದ ಬಿಡಿಸಿದರೆ SellerGstin, DocNo, DocDt, Irn ಮುಂತಾದ ಹೆಸರುಗಳ ಮುಂದೆ ಬಿಲ್ಲಿನ ವಿವರ ಕಾಣುತ್ತದೆ. ಮೂರನೆಯ ಭಾಗ ಸಹಿ. ಬಿಲ್ ಅಸಲಿಯೇ ಎಂಬುದನ್ನು ಆ ಸಹಿಯನ್ನು ತಾಳೆ ನೋಡಿಯೇ ಹೇಳಬೇಕು, ಚೌಕ ಓದಲು ಬಂತೆಂಬುದು ಪುರಾವೆಯಲ್ಲ.

ಸಿಕ್ಕ ಬಿಲ್ ನಂಬರನ್ನು ಹಾಗೆಯೇ ಹೆಸರಾಗಿಸಲು ಆಗುವುದಿಲ್ಲ. ಜಿಎಸ್‌ಟಿ ನಿಯಮ 16 ಅಕ್ಷರಗಳೊಳಗಿನ ನಂಬರಿನಲ್ಲಿ ಓರೆಗೆರೆಯನ್ನು ಒಪ್ಪುತ್ತದೆ. MT/24-25/0187 ಎಂಬಂಥ ನಂಬರುಗಳು ಎಲ್ಲೆಲ್ಲೂ ಇವೆ. ಫೈಲಿನ ಹೆಸರಿನಲ್ಲಿ ಮಾತ್ರ ಓರೆಗೆರೆ ನಿಷಿದ್ಧ, ಕಂಪ್ಯೂಟರ್ ಅದನ್ನು ಫೋಲ್ಡರಿನ ಗಡಿ ಎಂದುಕೊಳ್ಳುತ್ತದೆ. ಹಾಗಾಗಿ ಓರೆಗೆರೆಯ ಜಾಗಕ್ಕೆ ಅಡ್ಡಗೆರೆ ಹಾಕಬೇಕು. ತಾರೀಖನ್ನೂ ತಿರುಗಿಸಿ ವರ್ಷವನ್ನು ಮುಂದೆ ತರಬೇಕು, ಆಗ ಫೈಲುಗಳು ತಾವಾಗಿಯೇ ದಿನದ ಕ್ರಮದಲ್ಲಿ ನಿಲ್ಲುತ್ತವೆ. 14/11/2024ರ ಆ ಬಿಲ್ 2024-11-14_29ABCDE1234F1Z5_MT-24-25-0187.pdf ಎಂದಾಗುತ್ತದೆ. ನಡುವಿನದು ಮಾರಿದವರ ಜಿಎಸ್‌ಟಿ ಸಂಖ್ಯೆ, ಮೊದಲ 29 ಕರ್ನಾಟಕದ ಸಂಕೇತ. ತಿಂಗಳಿಗೊಂದು ಫೋಲ್ಡರ್, ಅದರೊಳಗೆ ಮಾರಿದವರಿಗೊಂದು ಫೋಲ್ಡರ್ ಎಂದು ವಿಂಗಡಿಸುವುದಕ್ಕೂ ಈ ಹೆಸರೇ ಸಾಕು.

ನಿಜವಾದ ಕಷ್ಟವಿರುವುದು ಹಲವು ಪುಟಗಳ ಬಿಲ್ಲುಗಳಲ್ಲಿ. ಕೋಡ್ ಸಾಮಾನ್ಯವಾಗಿ ಮೊದಲ ಪುಟದಲ್ಲಿರುವುದರಿಂದ, ಕೋಡಿಲ್ಲದ ಪುಟವನ್ನು ಹಿಂದಿನ ಬಿಲ್ಲಿನ ಮುಂದುವರಿಕೆ ಎಂದು ಲೆಕ್ಕಿಸುವುದು ರೂಢಿ. ಒಂಬತ್ತು ಪುಟಗಳ ಕಟ್ಟೊಂದರಲ್ಲಿ 1, 2, 5 ಮತ್ತು 9ನೆಯ ಪುಟಗಳಲ್ಲಿ ಕೋಡ್ ಸಿಕ್ಕಿತೆನ್ನೋಣ. ಪ್ರೋಗ್ರಾಮಿನ ಲೆಕ್ಕದಲ್ಲಿ 2ರಿಂದ 4ರವರೆಗೆ ಒಂದು ಬಿಲ್. ಆದರೆ 4ನೆಯದು ಬೇರೆಯೇ ಬಿಲ್ಲಾಗಿದ್ದು, ಸರಕು ಇಳಿಸಿಕೊಂಡವರು ಚೌಕದ ಮೇಲೇ ಸೀಲು ಒತ್ತಿದ್ದರೆ? ಆ ಬಿಲ್ ಇನ್ನೊಬ್ಬರ ಹೆಸರಿನ ಫೈಲಿನಲ್ಲಿ ಹೂತುಹೋಗುತ್ತದೆ. ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ.

ಕ್ಯೂಆರ್ ಕೋಡಿನಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇರುವುದರಿಂದ ಅದು ಸರಿಯಾಗಿ ಓದುತ್ತದೆ ಇಲ್ಲವೇ ಓದುವುದೇ ಇಲ್ಲ, ತಪ್ಪಾಗಿ ಓದುವುದು ತೀರಾ ಅಪರೂಪ. ಆದ್ದರಿಂದ ಹುಡುಕಬೇಕಾದದ್ದು ಓದದೆ ಬಿಟ್ಟ ಪುಟಗಳನ್ನು. ಒಂದಕ್ಕಿಂತ ಹೆಚ್ಚು ಪುಟ ಬಂದ ಬಿಲ್ಲುಗಳನ್ನಷ್ಟೇ ಬೇರೆ ಪಟ್ಟಿ ಮಾಡಿ ಕಣ್ಣಾರೆ ನೋಡಬೇಕು. ಚೌಕದೊಳಗಿನ ItemCnt ಮೂರೇ ಬಗೆಯ ಸರಕು ಎನ್ನುವಾಗ ಬಿಲ್ ಮೂರು ಪುಟ ಹಿಡಿದಿದ್ದರೆ ಅನುಮಾನಕ್ಕೆ ಕಾರಣವಿದೆ.

ಉದ್ದಗೆರೆಗಳ ಬಾರ್‌ಕೋಡಿನ ಕಥೆ ಬೇರೆ. ಕೋಡ್ 128 ಬಗೆಯಲ್ಲಿ ತಾಳೆ ನೋಡುವ ಅಂಕೆ ಕಡ್ಡಾಯ. ಇಂಟರ್‌ಲೀವ್ಡ್ 2 ಆಫ್ 5 ಬಗೆಯಲ್ಲಿ ಅದು ಕಡ್ಡಾಯವಲ್ಲ, ಅರ್ಧ ಮಾತ್ರ ಕಂಡ ಕೋಡನ್ನೂ ಪೂರ್ಣ ಸಂಖ್ಯೆಯೆಂದು ಓದಿಬಿಡಬಹುದು. ಹಾಗಾಗಿ ಸಂಖ್ಯೆ ಎಷ್ಟು ಅಂಕೆಯದ್ದಿರಬೇಕೆಂದು ಮೊದಲೇ ಹೇಳಿಡಬೇಕು. ಸ್ಕ್ಯಾನರಿನ ಗಾಜಿನ ಮೇಲೆ ಕೂತ ಧೂಳಿನ ಕಣ ಪುಟದ ಉದ್ದಕ್ಕೂ ಗೆರೆ ಎಳೆಯುತ್ತದೆ. ಬಾರ್‌ಕೋಡಿನ ಗೆರೆಗಳೂ ಅದೇ ದಿಕ್ಕಿನಲ್ಲಿದ್ದರೆ ಧೂಳಿನದು ಅವುಗಳ ನಡುವೆ ಇನ್ನೊಂದು ಗೆರೆಯಾಗಿ ಸೇರಿಕೊಂಡು ಇಡೀ ಕೋಡನ್ನು ಕೆಡಿಸುತ್ತದೆ. ಸ್ವಂತ ಚೀಟಿ ಅಚ್ಚು ಹಾಕಿಸುವವರು ಕೋಡನ್ನು ಅಡ್ಡ ತಿರುಗಿಸಿ ಮುದ್ರಿಸಿದರೆ ಧೂಳಿನ ಗೆರೆ ಒಂದು ಕಡೆ ಮಾತ್ರ ಹಾದುಹೋಗುತ್ತದೆ, ಉಳಿದ ಭಾಗದಿಂದ ಓದಬಹುದು.

ಹೆಸರು ಬದಲಿಸುವ ಮೊದಲು ಹಳೆಯ ಹೆಸರು, ಹೊಸ ಹೆಸರು, ಐಆರ್‌ಎನ್ ಈ ಮೂರನ್ನು ಎಕ್ಸೆಲ್ ಹಾಳೆಗೆ ಇಳಿಸಿ ನೋಡುವುದು ಒಳ್ಳೆಯದು. ಮೂಲ ಸ್ಕ್ಯಾನನ್ನು ಮುಟ್ಟದೆ ಪ್ರತಿಗಳಿಗೆ ಮಾತ್ರ ಹೆಸರಿಡಬೇಕು. ಒಂದೇ ಬಿಲ್ಲಿನ ಒರಿಜಿನಲ್, ಡೂಪ್ಲಿಕೇಟ್ ಎರಡೂ ಕಟ್ಟಿನಲ್ಲಿದ್ದರೆ ಹೊಸ ಹೆಸರೂ ಒಂದೇ ಆಗಿ, ಒಂದು ಫೈಲಿನ ಮೇಲೆ ಇನ್ನೊಂದು ಕೂತು ಮೊದಲಿನದು ಅಳಿಸಿಹೋಗುತ್ತದೆ. ಒಂದೇ ಐಆರ್‌ಎನ್ ಎರಡನೆಯ ಸಲ ಬಂದಾಗ ಹೆಸರಿನ ತುದಿಗೆ -2 ಸೇರಿಸಿದರೆ ಈ ನಷ್ಟ ತಪ್ಪುತ್ತದೆ.

ಕಡೆಯ ತಾಳೆಗೆ ಜಿಎಸ್‌ಟಿ ಪೋರ್ಟಲಿನ ಜಿಎಸ್‌ಟಿಆರ್-2ಬಿ ಇದೆ. ಮಾರಿದವರು ಸಲ್ಲಿಸಿದ ಬಿಲ್ಲುಗಳ ಪಟ್ಟಿ ಅದರಲ್ಲಿ ತಿಂಗಳು ತಿಂಗಳೂ ಬರುತ್ತದೆ. ಅಲ್ಲಿರುವ ಬಿಲ್ ನಂಬರುಗಳನ್ನು ಫೈಲುಗಳ ಪಟ್ಟಿಯ ಪಕ್ಕಕ್ಕಿಟ್ಟರೆ, ಸೀಲಿನಡಿ ಮುಚ್ಚಿಹೋದ 4ನೆಯ ಪುಟದಂಥವು ಫೈಲಿಲ್ಲದ ಸಾಲುಗಳಾಗಿ ಮೇಲೆ ಬರುತ್ತವೆ. ಫೈಲಿದ್ದೂ ಪಟ್ಟಿಯಲ್ಲಿಲ್ಲದ ಬಿಲ್ ಕಂಡರೆ ಮಾರಿದವರನ್ನು ವಿಚಾರಿಸಬೇಕು. ನೋಂದಾಯಿಸಿದ 24 ಗಂಟೆಯೊಳಗೆ ಐಆರ್‌ಎನ್ ರದ್ದು ಮಾಡಲು ಅವಕಾಶವಿದೆ, ಆಗಲೇ ಅಚ್ಚಾಗಿದ್ದ ಚೌಕದಿಂದ ಆ ಸಂಗತಿ ತಿಳಿಯುವುದಿಲ್ಲ.